ಗಂಡ ಇನ್ನೊಬ್ಬರನ್ನ ದೂರಿದ್ರ ಏನನ್ನಬೇಕು?

ಗಂಡ ಮನಿಗೆ ಬಂದು ಇನ್ನೊಬ್ಬರ ಮ್ಯಾಲೆ ದೂರು ಹೇಳೂದು ಯಾರ ಮನ್ಯಾಗ ಇಲ್ಲ ಹೇಳ್ರಿ? ಒಂದಿನ ಆಫೀಸಿನ ಸಾಹೇಬರು, ಒಂದಿನ ಬಾಜೂ ಮನಿಯವರು, ಒಂದಿನ ಒಡಹುಟ್ಟಿದ ಅಣ್ಣ. ಚಹಾದ ಕಪ್ಪು ಕೈಗೆ ಬಂತು ಅಂದ್ರ ಶುರು. ನಾವು ಒಲಿ ಮುಂದ ನಿಂತು ಹೂಂ ಅಂತಿರತೀವಿ. ಸಾಹೇಬರ ಮ್ಯಾಲಿನ ದೂರಾದ್ರ ಅಡ್ಡಿ ಇಲ್ಲ, ಆ ಸಾಹೇಬರು ನಮ್ಮ ಮನಿ ಹಬ್ಬಕ್ಕ ಬಂದು ಪಂಕ್ತಿಯೊಳಗ ಕೂಡ್ರೂದಿಲ್ಲ. ಆದ್ರ ದೂರು ಮನಿ ಮಂದಿ ಮ್ಯಾಲೆ ಇದ್ದಾಗ ನಾವು ಆಡೋ ಒಂದೊಂದು ಮಾತಿಗೂ ಲೆಕ್ಕ ಅದ. ಇವತ್ತು ಅಡಗಿ ಮನ್ಯಾಗ ಅಂದದ್ದು ನಾಳೆ ಗದಗಿನಾಗ, ನಾಡಿದ್ದು ಬಾಗಲಕೋಟ್ಯಾಗ ಕೇಳತದ.

ಈ ವಿಷಯದಾಗ ನನ್ನ ಅಭಿಪ್ರಾಯ ಸರಳ ಅದ. ಗಂಡ ಹೇಳೋ ದೂರಿನೊಳಗ ಒಂದು ಭಾಗ ಅವರದು, ಇನ್ನೊಂದು ಭಾಗ ಅಲ್ಲೆ ಇಲ್ಲದವರದು. ಅವರ ಭಾಗಕ್ಕ ನಾವು ಪೂರ್ತಿ ಕಿವಿ ಕೊಡಬೇಕು, ಉತ್ತರಾನೂ ಕೊಡಬೇಕು. ಇಲ್ಲದವರ ಭಾಗಕ್ಕ ತೀರ್ಪು ಕೊಡಬಾರದು. ಮತ್ತ ಆ ಮಾತು ಯಾರಿಗೆ ಮುಟ್ಟಬೇಕೋ ಅವರಿಗೇ ಮುಟ್ಟೂಹಂಗ ಮಾಡಬೇಕು, ನಮ್ಮ ಹತ್ರನ ಉಳೀಬಾರದು. ಇದನ್ನ ಬಾಯಿಲೆ ಹೇಳೂದು ಸುಲಭ. ಮಾಡೂದು ಹೆಂಗ ಅನ್ನೂದಕ್ಕ ಒಂದು ಮನಿ ಉದಾಹರಣೆ ತೊಗೋತೀನಿ. ಹೆಸರು ಬ್ಯಾಡ, ಅಕಿ ಅನ್ನೂಣು, ಅಕಿ ಗಂಡ ಅನ್ನೂಣು. ಓದಿದ ಮ್ಯಾಲೆ ಇದು ನಮ್ಮ ಮನೀದ ಅಂತ ನಿಮ್ಮಾಗ ಹತ್ತು ಮಂದಿಗೆ ಅನಸತದ, ನನಗ ಖಾತ್ರಿ ಅದ.

ಅಣ್ಣ ಹಳ್ಳ್ಯಾಗ, ತಮ್ಮ ಹುಬ್ಬಳ್ಳ್ಯಾಗ. ವಯಸ್ಸಾದ ಅವ್ವ ಅಣ್ಣನ ಮನ್ಯಾಗ ಇರತಾರ. ಅವ್ವಗ ಒಂದು ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆತು. ಆಗಿ ನಾಕು ದಿನಾ ಆದ ಮ್ಯಾಲೆ ಅಣ್ಣ ಫೋನ್ ಮಾಡಿ, ಒಟ್ಟು 36 ಸಾವಿರ ಬಂತು, ನಿನ್ನ ಪಾಲು 18 ಸಾವಿರ ಹಾಕು ಅಂದ. ತಮ್ಮ ಸಂಜೀಕ ಮನಿಗೆ ಬಂದವನ ಹೆಂಡತಿ ಮುಂದ ಕೂತು ಹಿಂಗ ಅಂದ: "ನನ್ನ ಅವ್ವನ ಕಣ್ಣು, ನನಗ ಒಂದು ಮಾತು ಹೇಳಲಿಲ್ಲ. ಈಗ ರೊಕ್ಕಾ ಕೇಳಲಿಕ್ಕೆ ಮಾತ್ರ ತಮ್ಮ ನೆನಪಾದ. ಸರಕಾರಿ ದವಾಖಾನ್ಯಾಗ ಪುಕಟ್ ಆಗತಿತ್ತು. ಇದೆಲ್ಲಾ ವೈನೀದ ಕಿತಾಪತಿ. ಅಣ್ಣಗ ಸ್ವಂತ ಬುದ್ಧಿ ಎಲ್ಲೆ ಅದ?"

ಇಂಥಾ ಮಾತು ಕಿವಿಗೆ ಬಿದ್ದ ಕೂಡಲೆ ನಮ್ಮ ಬಾಯಿಂದ ಸಹಜ ಬರೋ ಉತ್ತರ ಮೂರು. ಮೂರರೊಳಗೂ ತೊಡಕು ಅದ, ಒಂದೊಂದ ನೋಡೂಣು.

ಮೊದಲನೇದು, ಹೌದನ್ನೂದು. "ಅಕ್ಕ ಹಂಗ ಅದಾರ್ರೀ, ನಾ ಮದಿವ್ಯಾದ ವರ್ಷಾನ ಹೇಳಿದ್ದೆ, ನೀವ ಕೇಳಲಿಲ್ಲ." ಆ ಕ್ಷಣಕ್ಕ ಗಂಡಗ ಸಮಾಧಾನ ಆಗತದ, ನಮಗೂ ಒಳಗಿಂದು ಒಂದೀಟು ಹೊರಗ ಹಾಕಿದ ಖುಷಿ. ಆದ್ರ ಅಣ್ಣ ತಮ್ಮ ಒಂದ ರಕ್ತ. ಎಂಟು ದಿನಕ್ಕ ಅವರು ಮತ್ತ ಕೂಡತಾರ. ಕೂಡಿದಾಗ ತಮ್ಮನ ಬಾಯಿಂದ ಒಂದು ಮಾತು ಜಾರತದ: "ನನಗಷ್ಟ ಅಲ್ಲ, ನಮ್ಮಾಕಿಗೂ ಹಂಗ ಅನಿಸೇದ." ಮುಗೀತು. ಅವರ ಸಿಟ್ಟು ಆರಿ ಹೋಗತದ, ನಮ್ಮ ಮಾತು ಉಳೀತದ. ಮುಂದ ಆ ಮನ್ಯಾಗ ಏನ ಬಿರುಕು ಬಂದ್ರೂ, ಮನಿ ಮುರಿದಾಕಿ ಕಿರೀ ಸೊಸಿ ಅನ್ನೂದ ಇತಿಹಾಸ ಆಗತದ. ನಮ್ಮ ಕಡೆ ಎಷ್ಟು ಮನಿಯೊಳಗ ಅಣ್ಣ ತಮ್ಮಂದಿರ ಜಗಳಕ್ಕ ಸೊಸೆಂದಿರ ಹೆಸರು ಹಚ್ಚಿ ಇಟ್ಟಾರ, ನೀವ ಎಣಿಸಿ ನೋಡ್ರಿ.

ಎರಡನೇದು, ಇಲ್ಲದವರ ಪರ ವಕೀಲಿ ಮಾಡೂದು. "ಪಾಪ, ಅಕ್ಕನ ಅಲ್ಲ ಅತ್ತೀನ್ನ ನೋಡಿಕೊಳ್ಳೂದು? ನೀವು ವರ್ಷಕ್ಕ ಎರಡು ಸಲ ಹೋಗಿ ಹೋಳಿಗಿ ತಿಂದು ಬರತೀರಿ." ಮಾತು ಖರೇನ ಇರಬಹುದು. ಆದ್ರ ಗಂಡಗ ಆಗ ಕೇಳಸೂದು ಒಂದ: ಇಕಿನೂ ನನ್ನ ಕಡೆ ಇಲ್ಲ. ಅಂವ ಇನ್ನಷ್ಟು ಜೋರ ಹತ್ತು ವರ್ಷದ ಹಿಂದಿನ ಹೊಲದ ಲೆಕ್ಕ ತೆಗೀತಾನ, ತನ್ನ ಮಾತು ಖರೆ ಅಂತ ಸಾಧಿಸಲಿಕ್ಕೆ. ಅಣ್ಣನ ಮ್ಯಾಲಿದ್ದ ಜಗಳ ಈಗ ಗಂಡ ಹೆಂಡರ ನಡುವ ಬಂತು.

ಮೂರನೇದು, ಮಾತು ತೇಲಿಸೂದು. "ಬಿಡ್ರಿ ಅತ್ತ, ಕೈ ಕಾಲು ತೊಳಕೊಂಡು ಊಟಕ್ಕ ಕೂಡ್ರಿ." ಭಾಳ ಮಂದಿ ಇದನ್ನ ಯಾರ ಕಡೆನೂ ವಾಲಲಾರದ ಉತ್ತರ ಅಂತ ತಿಳಕೊಂಡಾರ. ಹಂಗೇನಿಲ್ಲ. ಇದು ಕಿವಿ ಮುಚ್ಚಿಕೊಂಡಂಗ. ಸಂಕಟ ಹೊರಗ ಬರಲಿಕ್ಕೆ ಹಾದಿ ಸಿಗಲಿಲ್ಲ ಅಂದ್ರ ಅದು ಒಳಗ ಕೂತು ಹುಳಿ ಬರತದ. ಮರುದಿನ ಅಂವ ಅಣ್ಣನ ಫೋನ್ ಎತ್ತೂದಿಲ್ಲ, ಮೂರನೇ ದಿನಾ ಮಕ್ಕಳ ಮ್ಯಾಲೆ ಹರಿ ಹಾಯತಾನ.

ಅಮೆರಿಕಾದಾಗ ಮರ್ರೆ ಬೋವೆನ್ ಅಂತ ಒಬ್ಬ ಮನೋವೈದ್ಯ ಇದ್ದ. ಕುಟುಂಬಗಳನ್ನ ಭಾಳ ವರ್ಷ ನೋಡಿದಾಂವ. ಅಂವ ಹೇಳಿದ ಒಂದು ಮಾತು ನಮ್ಮ ಕೂಡು ಮನಿಗಳಿಗೆ ಅಳತಿ ತೊಗೊಂಡು ಹೊಲಿದಂಗ ಅದ. ಇಬ್ಬರ ನಡುವ ಬಿಗುವು ತಡಕೊಳ್ಳಲಾರದಷ್ಟು ಆದಾಗ, ಅವರು ಮೂರನೆಯವರನ್ನ ಒಳಗ ಎಳಕೋತಾರ. ಅದಕ್ಕ ಅಂವ ತ್ರಿಕೋನ ಅಂತ ಕರದ. ಮೂರನೆಯವರು ಬಂದ ಕೂಡಲೆ ಮೊದಲಿನ ಇಬ್ಬರಿಗೆ ಭಾರ ಹಗರ ಆಗತದ, ಯಾಕಂದ್ರ ಇಬ್ಬರೂ ಮಾರಿಗೆ ಮಾರಿ ಕೊಟ್ಟು ಮಾತಾಡೋ ಗರಜು ಉಳಿಯೂದಿಲ್ಲ. ಭಾರ ಹಗರ ಆಗತದ, ಹೊರತು ಮೂಲ ಮಾತು ಬಗೀಹರಿಯೂದಿಲ್ಲ.

ಈಗ ನಮ್ಮ ಉದಾಹರಣೆ ನೋಡ್ರಿ. ಬಿಗುವು ಇರೂದು ಅಣ್ಣ ತಮ್ಮರ ನಡುವ. ಆದ್ರ ಅಣ್ಣನ ಮ್ಯಾಲೆ ನೆಟ್ಟಗ ಸಿಟ್ಟಾಗೂದು ತಮ್ಮಗ ಕಷ್ಟ, ಸಣ್ಣವಿದ್ದಾಗ ಹೆಗಲ ಮ್ಯಾಲೆ ಹೊತ್ತು ಜಾತ್ರಿ ತೋರಿಸಿದ ಅಣ್ಣ. ಅದಕ್ಕ ತಪ್ಪು ವೈನಿ ತಲಿಗೆ ಬಂತು. ವೈನಿ ಹೊರಗಿಂದ ಬಂದಾಕಿ, ಅಕಿ ಮ್ಯಾಲೆ ಹಾಕೂದು ಸುಲಭ. ಇನ್ನ ಅದನ್ನ ಹೇಳಲಿಕ್ಕೆ ಇನ್ನೊಬ್ಬಾಕಿ ಬೇಕಾತು, ಅದು ತನ್ನ ಹೆಂಡತಿ. ಅಂದ್ರ ಇಬ್ಬರು ಗಂಡಸರ ನಡುವಿನ ಮಾತಿಗೆ ಇಬ್ಬರು ನೆಗೆಣ್ಣಿಯರು ಸಿಕ್ಕೊಂಡ್ರು, ಇಬ್ಬರೂ ಒಂದು ಮಾತಾಡಿಲ್ಲ. ಇದು ಅರ್ಥ ಆದ್ರ, ಯಾಕ ನಾವು ತೀರ್ಪು ಕೊಡಬಾರದು ಅನ್ನೂದು ಅರ್ಥ ಆಗತದ. ತೀರ್ಪು ಕೊಟ್ರ ತ್ರಿಕೋನಕ್ಕ ಮೊಳಿ ಹೊಡದು ಗಟ್ಟಿ ಮಾಡಿದಂಗ.

ಹಂಗಾದ್ರ ಏನನ್ನಬೇಕು? ಮೊದಲು ದೂರನ್ನ ಅಕ್ಕಿ ಹಸನು ಮಾಡಿದಂಗ ಹಸನು ಮಾಡಬೇಕು. ಮರದಾಗ ಹಾಕಿ ಕೇರಿದ್ರ ಅಕ್ಕಿ ಬ್ಯಾರೆ, ಹೊಟ್ಟು ಬ್ಯಾರೆ, ಹರಳು ಬ್ಯಾರೆ ಆಗೂಹಂಗ, ಯಾವುದ ದೂರಿನೊಳಗೂ ನಾಕು ಥರದ ಕಾಳು ಇರತಾವ. ಒಂದು, ಖರೇನ ನಡದದ್ದು. ಎರಡು, ಅದರ ಮ್ಯಾಲೆ ಇವರು ಕಟ್ಟಿದ್ದು. ಮೂರು, ಇವರಿಗೆ ಆದ ಸಂಕಟ. ನಾಕು, ಇವರಿಗೆ ಈಗ ಬೇಕಾದದ್ದು.

ಆ ಗಂಡನ ಮಾತು ಕೇರಿ ನೋಡೂಣು. ನಡದದ್ದು ಏನು? ಆಪರೇಷನ್ ಆತು, ಮೊದಲು ಹೇಳಲಿಲ್ಲ, ನಾಕು ದಿನಾ ಆದ ಮ್ಯಾಲೆ 18 ಸಾವಿರ ಕೇಳಿದ್ರು. ಇಷ್ಟ. ಕಟ್ಟಿದ್ದು ಏನು? ಇದು ವೈನಿ ಕೆಲಸ, ಅಣ್ಣಗ ಬುದ್ಧಿ ಇಲ್ಲ, ರೊಕ್ಕಕ್ಕ ಮಾತ್ರ ತಮ್ಮ ಬೇಕು. ಇದ್ಯಾವುದನ್ನೂ ಅಂವ ಕಣ್ಣಿಲೆ ಕಂಡಿಲ್ಲ, ಕಿವಿಲೆ ಕೇಳಿಲ್ಲ. ಸಂಕಟ ಏನು? ನನ್ನ ಅವ್ವ, ನನ್ನನ್ನ ಲೆಕ್ಕಕ್ಕ ಹಿಡೀಲಿಲ್ಲ ಅನ್ನೂದು. ಅಂವ ರೊಕ್ಕದ ಮಾತು ಎಷ್ಟು ಜೋರ ಆಡಿದ್ರೂ, ಕುದ್ದದ್ದು ರೊಕ್ಕಕ್ಕಲ್ಲ, ಅದಕ್ಕ. ಬೇಕಾದದ್ದು ಏನು? ಅದನ್ನ ಅಂವ ಇನ್ನೂ ಹೇಳೇ ಇಲ್ಲ. ನಾಕನೇದು ದೂರಿನೊಳಗ ಯಾವಾಗ್ಲೂ ತಳಕ್ಕ ಕೂತಿರತದ, ಕೇಳಿ ತೆಗೀಬೇಕು.

ಎರಡನೇ ಕಾಳಿನ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಇನ್ನೊಬ್ಬರು ಏನರೆ ಮಾಡಿದ್ರ ಅದಕ್ಕ ಅವರ ಸ್ವಭಾವನ ಕಾರಣ ಅನ್ನೂದು, ಅವರಿಗೆ ಬಂದ ಪರಿಸ್ಥಿತಿ ಲೆಕ್ಕಕ್ಕ ಹಿಡಿಯಲಾರದ ಇರೂದು, ಎಲ್ಲಾ ಮನುಷ್ಯಾರ ರೂಢಿ. ಲೀ ರಾಸ್ ಅನ್ನೋ ಮನಶ್ಶಾಸ್ತ್ರಜ್ಞ 1977ರಾಗ ಇದಕ್ಕ ಒಂದು ಹೆಸರು ಇಟ್ಟು ಬರದ. ನಾವು ಹೆಸರಿಲ್ಲದನ ಇದನ್ನ ದಿನಾ ಮಾಡತೀವಿ. ನಾವು ಫೋನ್ ಎತ್ತಲಿಲ್ಲ ಅಂದ್ರ ಒಲಿ ಮ್ಯಾಲೆ ಹಾಲಿತ್ತು. ನೆಗೆಣ್ಣಿ ಎತ್ತಲಿಲ್ಲ ಅಂದ್ರ ಅಕಿಗೆ ಸೊಕ್ಕು. ಹಿಂಗ ಇರೂದರಿಂದ, ದೂರಿನೊಳಗ ಅವರು ಹಂಗ, ಅಕಿ ಮೊದಲಿಂದ ಹಿಂಗ ಅನ್ನೋ ಮಾತು ಬಂದ ಕಡೆ ನಾವು ಹುಷಾರ್ ಆಗಬೇಕು. ಅದು ಕಟ್ಟಿದ ಮಾತು ಇರೋ ಸಂಭವ ಭಾಳ.

ಈಗ ಉತ್ತರ. ಆ ಮನ್ಯಾಗ ಅಕಿ ಒಲಿ ಸಣ್ಣ ಮಾಡಿ ಬಂದು ಎದುರಿಗೆ ಕೂತಳು. ಇದು ಸಣ್ಣ ಸಂಗತಿ ಅಂತ ತಿಳಕೋಬ್ಯಾಡ್ರಿ, ಬೆನ್ನು ತಿರುವಿ ರೊಟ್ಟಿ ಬಡೀತ ಹೂಂ ಅಂದ್ರ ಕೇಳಿದಂಗ ಆಗೂದಿಲ್ಲ. ಕೂತು ಅಕಿ ಮೊದಲು ಸಂಕಟಕ್ಕ ಉತ್ತರ ಕೊಟ್ಲು: "ಅತ್ತಿಗೆ ಆಪರೇಷನ್ ಅಂದ್ರ ನಿಮಗ ಮೊದಲ ತಿಳೀಬೇಕಿತ್ತು ಅನಸೂದು ಸಹಜ. ನಾಕು ದಿನಾ ಆದ ಮ್ಯಾಲೆ ಗೊತ್ತಾದ್ರ ಯಾರಿಗೂ ಕಸಿವಿಸಿ ಆಗತದ."

ಈ ಮಾತಿನ್ಯಾಗ ಏನದ, ಏನಿಲ್ಲ ನೋಡ್ರಿ. ಗಂಡನ ಸಂಕಟ ಖರೆ ಅಂತ ಒಪ್ಪಿಕೊಂಡದ್ದು ಅದ. ವೈನಿ ಹೆಸರಿಲ್ಲ. ಅಣ್ಣ ತಪ್ಪು ಮಾಡಿದ ಅಂತಾನೂ ಇಲ್ಲ, ಮಾಡಿಲ್ಲ ಅಂತಾನೂ ಇಲ್ಲ. ಕಸಿವಿಸಿ ಆತು ಅನ್ನೂದಕ್ಕ ಯಾರ ಸಾಕ್ಷಿನೂ ಬೇಕಿಲ್ಲ, ಅದು ಅವರದ. ಅದನ್ನ ಒಪ್ಪಿಕೊಂಡ್ರ ವೈನಿಗೆ ಏನೂ ಕಡಿಮಿ ಆಗೂದಿಲ್ಲ.

ಅಂವ ಸುಮ್ಮನಾಗಲಿಲ್ಲ, ಆಗೂದೂ ಇಲ್ಲ. "ಅದಕ್ಕ ಹೇಳಿದ್ದು, ವೈನೀದ ಕೆಲಸ ಇದು" ಅಂತ ಮತ್ತ ಅಂದ. ಇಲ್ಲೆ ನಾವು ಜಾರತೀವಿ. ಅಕಿ ಅಂದದ್ದು ಇಷ್ಟ: "ಅಕ್ಕನ ಮನಸಿನ್ಯಾಗ ಏನಿತ್ತೋ ನನಗ ಗೊತ್ತಿಲ್ರೀ, ನಾ ಅಲ್ಲೆ ಇರಲಿಲ್ಲ. ಭಾವ ಫೋನಿನ್ಯಾಗ ಏನಂದ್ರು? ಅವರು ಅಂದಂಗ ಹೇಳ್ರಿ." ಗೊತ್ತಿಲ್ಲ ಅನ್ನೂದು ಜಾರಿಕೊಳ್ಳೋ ಮಾತಲ್ಲ, ಖರೇನ ನಮಗ ಗೊತ್ತಿಲ್ಲ. ಅದನ್ನ ಸೆಟದು ಹೇಳಲಾರದ, ತಣ್ಣಗ ಹೇಳಿ, ಹಿಂದ ಒಂದು ಪ್ರಶ್ನೆ ಇಡಬೇಕು. ಆ ಪ್ರಶ್ನೆ ಅವರನ್ನ ಕಟ್ಟಿದ ಮಾತಿನಿಂದ ನಡದ ಮಾತಿಗೆ ಕರಕೊಂಡು ಬರತದ. ಯಾಕ ಹಂಗ ಮಾಡಿದ್ರು ಅಂತ ಕೇಳಬಾರದು. ಯಾಕ ಅಂತ ಕೇಳಿದ್ರ ಅವರು ಇನ್ನೊಂದು ಕತಿ ಕಟ್ಟತಾರ. ಏನಂದ್ರು, ಯಾವಾಗ, ಎಷ್ಟು ಅಂತ ಕೇಳಬೇಕು.

ಫೋನಿನ ಮಾತು ಒಂದೊಂದ ಹೇಳಲಿಕ್ಕೆ ಹತ್ತಿದಾಗ ಗಂಡಗ ಒಂದು ಸಂಗತಿ ನೆನಪಾತು. ಅಣ್ಣ, ಡಾಕ್ಟರು ಲಗೂನ ಮಾಡಸ್ರಿ ಅಂದ್ರು, ಗುರುವಾರನ ದಿನಾ ಸಿಕ್ತು ಅಂತ ಅಂದಿದ್ದ. ಸಿಟ್ಟಿನ್ಯಾಗ ಈ ಮಾತು ಕಿವಿಗೆ ಬಿದ್ದೂ ಬಿದ್ದಿರಲಿಲ್ಲ. ಆದ್ರ ಅಕಿ ಅದನ್ನ ಹಿಡಕೊಂಡು "ನೋಡ್ರಿ, ನಾ ಹೇಳಲಿಲ್ಲೇನು, ಅವರದೇನ ತಪ್ಪಿಲ್ಲ" ಅಂತ ಮ್ಯಾಲೆ ಬೀಳಲಿಲ್ಲ. ಬಿದ್ದಿದ್ರ ವಕೀಲಿ ಆಗತಿತ್ತು. ಸುಮ್ಮನ ಇದ್ದು ಕಡೀ ಪ್ರಶ್ನೆ ಕೇಳಿದಳು: "ಈಗ ನಿಮಗ ಏನಾಗಬೇಕು? ಬಿಲ್ಲು ನೋಡಬೇಕಾ, ರೊಕ್ಕಾ ಕಡಿಮಿ ಆಗಬೇಕಾ, ಇಲ್ಲಾ ಇನ್ನ ಮ್ಯಾಲೆ ಮೊದಲ ಹೇಳಬೇಕಾ?"

ಅಂವ ಜರಾ ಹೊತ್ತು ವಿಚಾರ ಮಾಡಿದ. "ರೊಕ್ಕಾ ಕೊಡತೀನಿ, ಅವ್ವಂದು ಅಲ್ಲೇನು. ನನಗ ಮೊದಲ ಹೇಳಬೇಕಿತ್ತು, ಅಷ್ಟ" ಅಂದ. ತಳದ ಕಾಳು ಮ್ಯಾಲೆ ಬಂತು. ಆವಾಗ ಅಕಿ ಅಂದ್ಲು: "ಹಂಗಾದ್ರ ಇದನ್ನ ಭಾವಗ ಹೇಳ್ರಿ. ನನಗ ಹೇಳಿದಂಗ, ಇಷ್ಟ ಮಾತಿನ್ಯಾಗ."

ಅಕಿ ತಾನು ಫೋನ್ ಮಾಡಲಿಲ್ಲ ಅನ್ನೂದನ್ನ ಗಮನಕ್ಕ ತೊಗೋರಿ. ನಮ್ಮಾಗ ಜಾಣೆರು ಅನಿಸಿಕೊಂಡವರು ಭಾಳ ಮಂದಿ ಇಲ್ಲೆ ಒಂದು ಹೆಜ್ಜಿ ಮುಂದ ಹೋಗತಾರ. ಗಂಡ ಸ್ನಾನಕ್ಕ ಹೋದ ಹೊತ್ತು ನೋಡಿ ನೆಗೆಣ್ಣಿಗೆ ಫೋನ್ ಹಚ್ಚಿ, "ಅಕ್ಕಾ, ಇವರು ಜರಾ ಬ್ಯಾಸರ ಮಾಡಿಕೊಂಡಾರ, ಭಾವಗ ಒಂದು ಮಾತು ಹೇಳ್ರಿ" ಅಂತಾರ. ಉದ್ದೇಶ ಛಲೋದ ಇರತದ. ಆದ್ರ ಆ ಮಾತು ಅಕ್ಕನ ಕಿವಿಯಿಂದ ಭಾವನ ಕಿವಿಗೆ ಹೋಗೋದರಾಗ ಎರಡು ಸಲ ಬಣ್ಣ ಬದಲ ಮಾಡತದ. ಬ್ಯಾಸರ ಅನ್ನೂದು ಸಿಟ್ಟು ಆಗತದ, ಸಿಟ್ಟು ಅನ್ನೂದು ರೊಕ್ಕಾ ಕೊಡೂದಿಲ್ಲಂತ ಆಗತದ. ಅಣ್ಣ ತಮ್ಮಗ ಫೋನ್ ಮಾಡಿದಾಗ ಮಾತು ಶುರು ಆಗೂದ ಅಲ್ಲಿಂದ. ಮಾತಿನ ಗಂಟು ಹೊತ್ತು ಒಯ್ಯೂದು ನಮ್ಮ ಕೆಲಸ ಅಲ್ಲ. ಗಂಟು ಕಟ್ಟಲಿಕ್ಕೆ ಕೈ ಹಚ್ಚಬಹುದು, ಹೊರೋರು ಅವರ ಆಗಬೇಕು.

ಕೈ ಹಚ್ಚೂದು ಅಂದ್ರ ಹಿಂಗ. ಅಣ್ಣಗ ಏನಂತ ಹೇಳತೀರಿ ಅಂತ ಅಕಿ ಕೇಳಿದಳು. ಅಂವ ಮೊದಲು ಅಂದದ್ದು, "ಯಾಕ ನನಗ ಹೇಳಲಿಲ್ಲ ಅಂತ ಕೇಳತೀನಿ." ಅಕಿ ಅಂದ್ಲು, "ಹಂಗ ಕೇಳಿದ್ರ ಅವರು ಉತ್ತರಾ ಹುಡುಕತಾರ. ನಿಮಗ ಏನನಿಸ್ತು, ಮುಂದ ಏನಾಗಬೇಕು, ಅದನ್ನ ಹೇಳ್ರಿ." ಕಡೀಕ ಅಂವ ಫೋನಿನ್ಯಾಗ ಹೇಳಿದ್ದು ಇಷ್ಟು: "ಅಣ್ಣಾ, ರೊಕ್ಕಾ ಹಾಕತೀನಿ. ಆದ್ರ ಅವ್ವನ ಆಪರೇಷನ್ ಆಗಿ ನಾಕು ದಿನಕ್ಕ ಗೊತ್ತಾತು ಅಂದ್ರ ನನಗ ಕೆಟ್ಟ ಅನಿಸ್ತು. ಇನ್ನ ಮ್ಯಾಲೆ ಇಂಥಾದ್ದು ಇದ್ರ ಹಿಂದಿನ ದಿನಾ ಒಂದು ಫೋನ್ ಮಾಡು, ನಾ ಬರತೀನಿ." ಇದರಾಗ ವೈನಿ ಹೆಸರು ಬಂದಿಲ್ಲ, ಬರೋ ಗರಜೂ ಇರಲಿಲ್ಲ.

ಅತ್ತ ಕಡಿಂದ ಬಂದ ಉತ್ತರ ಅರ್ಧ ಸಿಹಿ, ಅರ್ಧ ಕಹಿ. ಅವ್ವ ಪಾವಟಿಗಿ ಕಾಣಲಾರದ ಎಡವಿ ಬೀಳೂದರಾಗ ಇದ್ರಂತ, ಅದಕ್ಕ ಅಣ್ಣ ಗಾಬರ್ಯಾಗಿ ಸಿಕ್ಕ ದಿನಾ ಮಾಡಿಸಿಬಿಟ್ಟ. ಬಿಲ್ಲು ಹೆಚ್ಚಿಗೆ ಆದದ್ದು ಲೆನ್ಸಿಗೆ. ಕಣ್ಣಿನ ಪೊರೆ ತೆಗೆದ ಮ್ಯಾಲೆ ಒಳಗ ಒಂದು ಲೆನ್ಸ್ ಕೂಡಸತಾರ, ಅದರಾಗ ಬ್ಯಾರೆ ಬ್ಯಾರೆ ಬೆಲೆದು ಇರತಾವ, ತುಟ್ಟೀದನ್ನ ಆರಿಸಿದ್ದು ಅಣ್ಣನ. ಇನ್ನ ತಮ್ಮಗ ಯಾಕ ಹೇಳಲಿಲ್ಲ ಅಂದ್ರ, "ನಿನಗ ರಜಾ ಸಿಗೂದಿಲ್ಲ ಅಂತ ನಾನ ತಿಳಕೊಂಡೆ, ಹೇಳಬೇಕಿತ್ತು ಖರೆ" ಅಂದ. ನೋಡ್ರಿ, ಅಣ್ಣಂದು ತಪ್ಪಿತ್ತು. ಎದುರಿನವರು ನಿರಪರಾಧಿ ಅಂತ ನಾವು ಯಾವ ಪಕ್ಷಾನೂ ಹಿಡಿಯಲಾರದ ಇರೂದಲ್ಲ. ತಪ್ಪು ಯಾರದು, ಎಷ್ಟು ಅನ್ನೂದು ಅವರಿಬ್ಬರು ಮಾತಾಡಿದ್ರಷ್ಟ ಹೊರಗ ಬರತದ ಅಂತ ಹಂಗ ಇರೂದು. ಹೆಂಡತಿ ಅವತ್ತು ಸಂಜೀಕ ವೈನಿ ಮ್ಯಾಲೆ ತೀರ್ಪು ಕೊಟ್ಟಿದ್ರ, ಲೆನ್ಸ್ ಆರಿಸಲಾರದಾಕಿಗೆ ಲೆನ್ಸಿನ ಶಿಕ್ಷಾ ಆಗತಿತ್ತು.

ಇಲ್ಲೆ ಒಬ್ಬ ಮೌಶಿ ನನಗ ಕೇಳಿದ್ರು: "ಗಂಡನ ಪಕ್ಷ ಹಿಡಿಯಲಾರದಾಕಿ ಎಂಥಾ ಹೆಂಡತಿ? ಅಂವ ಹೊರಗ ಬಡಿಸಿಕೊಂಡು ಬಂದಾನ, ಮನ್ಯಾಗೂ ತಕ್ಕಡಿ ಹಿಡಕೊಂಡು ಕೂಡ್ರಬೇಕೇನು?" ಪ್ರಶ್ನೆ ಖೊಟ್ಟಿ ಅಲ್ಲ. ನನ್ನ ಉತ್ತರ ಇದು. ಗಂಡನ ಪಕ್ಷ ಬ್ಯಾರೆ, ಗಂಡನ ದೂರಿನ ಪಕ್ಷ ಬ್ಯಾರೆ. ಅಕಿ ಗಂಡನ ಪಕ್ಷಾನ ಹಿಡದಳು. ಅವನ ಸಂಕಟ ಕೇಳಿದಳು, ಅವಗ ಏನು ಬೇಕು ಅನ್ನೂದನ್ನ ಹುಡುಕಿ ಕೊಟ್ಲು, ಅಣ್ಣನ ಕೂಡ ನೆಟ್ಟಗ ಮಾತಾಡೋ ಹಾದಿ ಹಾಕಿ ಕೊಟ್ಲು. ಅವನ ಸಿಟ್ಟಿಗೆ ಕಟಿಗಿ ಹಾಕಿದ್ರ ಅಂವ ಅಣ್ಣನ್ನ ಕಳಕೋತಿದ್ದ. ಅದು ಗಂಡನ ಪಕ್ಷ ಆಗತಿತ್ತೇನು?

ಇನ್ನೊಂದು ತಪ್ಪು ತಿಳವಳಿಕಿ ಅದ. ಯಾರ ಕಡೆನೂ ವಾಲಬಾರದು ಅಂದ್ರ ನಮಗ ಅಭಿಪ್ರಾಯನ ಇರಬಾರದು ಅಂತಲ್ಲ. ಮನುಷ್ಯಾರ ಬಗ್ಗೆ ತೀರ್ಪು ಬ್ಯಾಡ, ವಿಷಯದ ಬಗ್ಗೆ ಮಾತು ಬೇಕು. 18 ಸಾವಿರ ಅಕಿ ಮನಿ ಖರ್ಚಿನಿಂದ ಹೋಗೂದು, ಅದು ಅಕಿ ವಿಷಯ. ಅದಕ್ಕ ಅಕಿ ಅಂದ್ಲು: "ಈ ತಿಂಗಳು ಹುಡುಗನ ಸಾಲಿ ಫೀ ಅದ, ಒಮ್ಮೆಲೆ 18 ಆಗೂದಿಲ್ರೀ. ಈಗ ಒಂಬತ್ತು, ಮುಂದಿನ ತಿಂಗಳು ಒಂಬತ್ತು ಅಂತ ಭಾವಗ ಕೇಳ್ರಿ." ಇದರಾಗ ಅಕ್ಕ ತುಟ್ಟಿ ಮಾಡಿದಳು ಅನ್ನೋ ಚುಚ್ಚು ಇಲ್ಲ, ಆದ್ರ ತನ್ನ ತ್ರಾಸು ಪೂರ್ತಿ ಅದ. ತನ್ನ ಮಾತನ್ನ ತನ್ನ ಹೆಸರಿಲೆ ಹೇಳೂದಕ್ಕ ಯಾರೂ ಅಂಜಬೇಕಿಲ್ಲ. ಸಿಟ್ಟು ಬಂದ್ರ ಬಂದದ ಅನ್ನಬೇಕು, ಅದನ್ನ ಗಂಡನ ದೂರಿನ ಸೆರಗಿನ್ಯಾಗ ಮುಚ್ಚಿ ಕಳಸಬಾರದು.

ನಮ್ಮ ಉತ್ತರ ಸರಿ ಅದನೋ ಇಲ್ಲೋ ಅಂತ ಪರೀಕ್ಷಾ ಮಾಡಲಿಕ್ಕೆ ನನ್ನ ಹತ್ರ ಒಂದ ಅಳತಿ ಅದ. ಯಾರ ಮ್ಯಾಲೆ ದೂರು ಅದನೋ ಅವರು ಪಡಸಾಲ್ಯಾಗ ಕೂತು ಕೇಳತಿದ್ರ, ನಾ ಈ ಮಾತು ಹಿಂಗ ಆಡತಿದ್ನೇನು? ಆಡತಿದ್ದೆ ಅಂದ್ರ ಆಡಬೇಕು, ಇಲ್ಲಂದ್ರ ನುಂಗಬೇಕು. ಅಕಿ ಅವತ್ತು ಆಡಿದ ಮಾತೆಲ್ಲಾ ನೆಗೆಣ್ಣಿ ಎದುರಿಗೆ ಮತ್ತೊಮ್ಮೆ ಆಡಿದ್ರೂ ಯಾರ ಮಾರಿನೂ ಸಣ್ಣ ಆಗತಿದ್ದಿಲ್ಲ.

ಉತ್ತರ ನಾಟೇದ ಅನ್ನೂದು ಗಂಡನ ಮಾತಿನ ಧಾಟಿಯಿಂದ ತಿಳೀತದ. ಅವರು ಹಿಂಗ, ಅಕಿ ಹಂಗ ಅನ್ನೂದು ಹೋಗಿ, ನಾ ಹಿಂಗ ಕೇಳತೀನಿ, ನಾ ಹೋಗಿ ಬರತೀನಿ ಅನ್ನೂದು ಬಂದ್ರ ನಾಟೇದ. ಅದ ದೂರು ಮೂರು ಸಲ, ನಾಕು ಸಲ ಬಂದು, ಎದುರಿನವರಿಗೆ ಮಾತ್ರ ಒಂದು ಮಾತೂ ಹೋಗಿಲ್ಲ ಅಂದ್ರ, ನಾವು ಕಸದ ಬುಟ್ಟಿ ಆಗೀವಿ ಅಂತ ತಿಳೀಬೇಕು. ಆವಾಗ ಮತ್ತ ಮೊದಲಿಂದ ಕೇಳಿಕೋತ ಕೂಡ್ರಬಾರದು. "ಇದನ್ನ ಭಾವಗ ಹೇಳಿದ್ರೇನು?" ಅಂತ ಒಂದ ಪ್ರಶ್ನೆ ಕೇಳಬೇಕು. ಇಲ್ಲ ಅಂದ್ರ, "ಹೇಳ್ರಿ, ಹೇಳಿದ ಮ್ಯಾಲೆ ನಾವು ಮತ್ತ ಮಾತಾಡೂಣು" ಅನ್ನಬೇಕು.

ದೂರು ನಮ್ಮ ತವರಿನ ಮ್ಯಾಲೆ ಇದ್ರ ಇದೆಲ್ಲಾ ಎರಡು ಪಟ್ಟು ಕಷ್ಟ. "ನಿನ್ನ ತಮ್ಮ ಮದಿವ್ಯಾಗ ನನಗ ಮಾತಾಡಸಲಿಲ್ಲ" ಅಂದ ಕೂಡಲೆ ನಮ್ಮ ಹೊಟ್ಟ್ಯಾಗ ಕಲಿಸಿದಂಗ ಆಗತದ. ಅಲ್ಲೆ ನಾವು ನಡುವಿನವರಲ್ಲ, ಹಂಗ ಇದ್ದಂಗ ನಟಿಸೂದೂ ಬ್ಯಾಡ. "ಅಂವ ನನ್ನ ತಮ್ಮ, ಕೇಳಲಿಕ್ಕೆ ನನಗೂ ಚುಚ್ಚತದ. ಆದ್ರೂ ಹೇಳ್ರಿ, ಏನಾತು?" ಅಂತ ಬಾಯಿ ಬಿಟ್ಟು ಅಂದ್ರ ಇಬ್ಬರಿಗೂ ಹಗರ. ಅದರ ಮ್ಯಾಲೂ, ತಮ್ಮನ ಕೂಡ ಮಾತಾಡೂದು ಅವರದ ಕೆಲಸ.

ಒಂದು ಎಚ್ಚರ ಹೇಳಲಾರದ ಮುಗಿಸಬಾರದು. ಎಲ್ಲಾ ದೂರಿಗೂ ಈ ತೂಕ ನಡಿಯೂದಿಲ್ಲ. ಯಾರರೆ ಹೊಡದಾರ, ಹೆದರಿಸ್ಯಾರ, ಮಗೂಗ ಕೈ ಹಚ್ಚ್ಯಾರ, ಖೊಟ್ಟಿ ಸಹಿ ಮಾಡಿ ಹೊಲಾ ಬರಸಿಕೊಂಡಾರ ಅಂತ ಗಂಡ ಹೇಳಿದ್ರ, ಅಲ್ಲೆ ಕಾಳು ಕೇರಿಕೋತ ಕೂಡ್ರೂದಲ್ಲ. ಅಂಥಾವರ ಕೂಡ ನೀವ ಹೋಗಿ ಮಾತಾಡ್ರಿ ಅಂತ ಕಳಸೂದೂ ತಪ್ಪು. ಅದಕ್ಕ ಹಿರಿಯಾರು, ವಕೀಲರು, ಪೊಲೀಸರು ಬೇಕು, ನಾವು ಸಂಗಾಟ ನಿಲ್ಲಬೇಕು. ನಾ ಇಷ್ಟೊತ್ತನ ಹೇಳಿದ್ದು ಒಂದ ಮನಿ ಅನ್ನ ಉಂಡವರ ನಡುವಿನ ಮುನಿಸಿನ ಮಾತು, ಅನ್ಯಾಯದ ಮಾತಲ್ಲ.

ಆ ಮನ್ಯಾಗ ಮುಂದ ಏನಾತು ಅಂದ್ರ, ಇನ್ನೊಂದು ಕಣ್ಣಿಗೆ ದಿನಾ ಗೊತ್ತು ಮಾಡೂಮುಂದ ಅಣ್ಣ ಮೊದಲ ಫೋನ್ ಹಚ್ಚಿದ. ಐದು ಸಾವಿರದ ಮ್ಯಾಲಿನ ಖರ್ಚಿದ್ರ ಇಬ್ಬರೂ ಮಾತಾಡಿ ಮಾಡೂದು ಅಂತ ಅವರವರ ಠರಾಯಿಸಿಕೊಂಡ್ರು. ಈ ಸಲ ಆಪರೇಷನ್ ಆದ ಮ್ಯಾಲೆ ಅವ್ವ ಹುಬ್ಬಳ್ಳಿಗೆ ಬಂದ್ರು. ದಿನಾ ನಾಕೈದು ಸಲ ಕಣ್ಣಿಗೆ ಹನಿ ಹಾಕೋ ಪಾಳಿ ಈಗ ಕಿರೀ ಸೊಸೀದು. ಯಾವ ಹನಿ ಮೊದಲು, ಯಾವುದು ಆಮ್ಯಾಲೆ ಅಂತ ಕೇಳಲಿಕ್ಕೆ ಅಕಿ ನೆಗೆಣ್ಣಿಗೆ ಫೋನ್ ಮಾಡತಾಳ, ಇಬ್ಬರೂ ಅರ್ಧಾ ತಾಸು ಮಾತಾಡತಾರ. ಅವತ್ತಿನ ಸಂಜಿ ಮಾತು ಅವರ ನಡುವ ಬಂದೇ ಇಲ್ಲ, ಬರೂಹಂಥಾದ್ದು ಏನೂ ಅಕಿ ಆಡಿರಲಿಲ್ಲ.